ನಾಲ್ಕೂ ಪತ್ರಿಕೆ ಒಟ್ಟಿಗೇ ಬರೆಯಬೇಕಿಲ್ಲ

ಪ್ರಶ್ನೆ: ಕಲಬುರಗಿಯ ದಾಲ್ ಮಿಲ್ ಒಂದರಲ್ಲಿ ಲೆಕ್ಕ ಬರೆಯುತ್ತೇನೆ. ಉಪನ್ಯಾಸಕಿಯಾಗುವ ಆಸೆಯಿಂದ ಕಳೆದ ಜುಲೈನಲ್ಲಿ ಇಗ್ನೋದಲ್ಲಿ ಎಂ.ಎ.ಗೆ ಸೇರಿದೆ. ಮೊದಲ ವರ್ಷಕ್ಕೆ ಎಂಟೆಂಟು ಕ್ರೆಡಿಟ್‌ನ ನಾಲ್ಕು ಪತ್ರಿಕೆಗಳಿವೆ. ತೊಗರಿ ಸೀಸನ್ ಎಂದು ಮನೆಗೆ ಬರುವಾಗ ರಾತ್ರಿ ಒಂಬತ್ತಾಗುತ್ತದೆ. ಒಂದೇ ಪುಟವನ್ನು ಮೂರು ಸಲ ಓದಿದರೂ ತಲೆಗೆ ಹತ್ತುವುದಿಲ್ಲ, ಮಿಲ್‌ನಲ್ಲಿ ಬಿಲ್‌ಗಳೂ ತಪ್ಪುತ್ತಿವೆ. ಬಿಟ್ಟುಬಿಡಲೇ?

ಉತ್ತರ: ಬಿಡಬೇಡಿ ತಂಗಿ. ನಿಮ್ಮ ತಲೆ ಮಂದವಾಗಿಲ್ಲ, ಹೊರೆ ಹೆಚ್ಚಾಗಿದೆ. ಲೆಕ್ಕ ಬರೆಯುವವರು ನೀವು, ಇದನ್ನೂ ಬರೆದು ನೋಡಿ. ಇಗ್ನೋ ಒಂದು ಕ್ರೆಡಿಟ್‌ಗೆ 30 ಗಂಟೆಯ ಓದು ಎಂದು ಎಣಿಸುತ್ತದೆ. ಒಂದು ಪತ್ರಿಕೆಗೆ 240 ಗಂಟೆ, ನಾಲ್ಕಕ್ಕೆ 960. ಎಂದರೆ ವರ್ಷವಿಡೀ ವಾರಕ್ಕೆ ಹದಿನೆಂಟು ಗಂಟೆಗೂ ಹೆಚ್ಚು. ದುಡಿಯುವ ಯಾರಿಗೂ ಇದು ಸುಲಭವಲ್ಲ.

ಎರಡು ವರ್ಷದ ಎಂ.ಎ. ಮುಗಿಸಲು ನಾಲ್ಕು ವರ್ಷದವರೆಗೆ ಅವಕಾಶವಿದೆ. ಪರೀಕ್ಷೆ ಜೂನ್ ಮತ್ತು ಡಿಸೆಂಬರ್‌ನಲ್ಲಿ ನಡೆಯುತ್ತದೆ, ಯಾವ ಪತ್ರಿಕೆ ಬರೆಯಬೇಕೆಂಬುದು ನಿಮ್ಮ ಆಯ್ಕೆ. ವರ್ಷಕ್ಕೆ ಎರಡು ಸಾಕು. ಏಪ್ರಿಲ್‌ನಿಂದ ನವೆಂಬರ್‌ವರೆಗೆ ಬೆಳಿಗ್ಗೆ ಒಂದು ಗಂಟೆಯಂತೆ ಐದು ದಿನ, ಭಾನುವಾರ ಆರು ಗಂಟೆ; ಸೀಸನ್‌ನಲ್ಲಿ ವಾರಕ್ಕೆ ಐದೇ ಗಂಟೆ. ಒಟ್ಟು 470ರ ಆಸುಪಾಸು ಬರುತ್ತದೆ, ಎರಡು ಪತ್ರಿಕೆಗೆ ಹೆಚ್ಚುಕಡಿಮೆ ಸರಿಹೋಗುತ್ತದೆ. ಬೆಳಗ್ಗೆಯೇ ಏಕೆಂದರೆ ನಮ್ಮೂರಿನ ಮೇ ತಿಂಗಳ ಬಿಸಿಲಿನಲ್ಲಿ ದಿನವಿಡೀ ದುಡಿದು ಬಂದವರಿಗೆ ರಾತ್ರಿ ಓದು ಇಳಿಯುವುದಿಲ್ಲ.

ಈ ಜೂನ್‌ಗೆ ಒಂದೇ ಪತ್ರಿಕೆ ಬರೆಯಿರಿ. ತೊಗರಿ ಆವಕ ಜೋರಾಗುವ ಮೊದಲು, ಡಿಸೆಂಬರ್‌ನಲ್ಲಿ ಇನ್ನೊಂದೋ ಎರಡೋ ಆಗಲಿ.

ಹೆಚ್ಚಿನವರು ಎಡವುವುದು ಅಸೈನ್‌ಮೆಂಟ್‌ನಲ್ಲಿ. ಅದಕ್ಕೆ ಶೇ. 30 ಅಂಕ ಇದೆ, ಕೊನೆಯ ವಾರದಲ್ಲಿ ಗೈಡ್ ನೋಡಿ ನಕಲು ಮಾಡಿದರೆ ಪರೀಕ್ಷೆಗೆ ಏನೂ ಉಳಿಯುವುದಿಲ್ಲ. ಒಂದು ಘಟಕ ಓದಿ ಮುಗಿಸಿದ ವಾರದಲ್ಲೇ ಅದರ ಪ್ರಶ್ನೆಗೆ ಕೈಬರಹದಲ್ಲಿ ಉತ್ತರ ಬರೆದಿಡಿ, ಆಗ ಎರಡೂ ಕೆಲಸ ಒಟ್ಟಿಗೇ ಆಗುತ್ತವೆ. ಮುಂದೂಡಿದ ಪತ್ರಿಕೆಗೆ ಮಾತ್ರ ಈಗಲೇ ಬರೆಯಲು ಕೂರಬೇಡಿ, ಆ ಪರೀಕ್ಷೆಗೆ ಚಾಲ್ತಿಯಲ್ಲಿರುವ ಹೊಸ ಪ್ರಶ್ನೆಗಳನ್ನು ಇಗ್ನೋ ಜಾಲತಾಣದಿಂದ ಇಳಿಸಿಕೊಳ್ಳಿ. ಕೊನೆಯ ದಿನಾಂಕವನ್ನೂ ಅಲ್ಲಿಯೇ ನೋಡಿ. ನಾಲ್ಕು ವರ್ಷದ ಗಡುವು ಮೊದಲ ನೋಂದಣಿಯಿಂದಲೇ ಶುರುವಾಗಿದೆ ಎಂಬುದನ್ನೂ ಮರೆಯಬೇಡಿ.

ಬಿಲ್ ತಪ್ಪುವುದು ನಿದ್ದೆಗೆಟ್ಟದ್ದರ ಗುರುತು. ಆ ವಾರ ಓದನ್ನು ಅರ್ಧಕ್ಕೆ ಇಳಿಸಿ, ಕೆಲಸಕ್ಕೆ ಕುತ್ತು ಬಂದರೆ ಓದೂ ನಿಲ್ಲುತ್ತದೆ. ವೇಳಾಪಟ್ಟಿ ಬಂದ ದಿನವೇ ಮಾಲೀಕರಿಗೆ ತೋರಿಸಿ, ಪರೀಕ್ಷೆಯ ದಿನದ ಜೊತೆ ಅದರ ಹಿಂದಿನ ದಿನಕ್ಕೂ ರಜೆ ಕೇಳಿ.