ಫಾಯಿಲ್ ತೂಗಿ ದಪ್ಪ ಹೇಳೋದು ಹೇಗೆ?

"ಹಾಸನದಲ್ಲಿ ನಮ್ಮದು ಪಾರ್ಸೆಲ್ ಕೊಡುವ ಸಣ್ಣ ಮೆಸ್. ನಾವು ತರಿಸುವ ಅಲ್ಯೂಮಿನಿಯಂ ಫಾಯಿಲ್ ಪೆಟ್ಟಿಗೆ ಮೇಲೆ 11 ಮೈಕ್ರಾನ್ ಅಂತ ಬರೆದಿದೆ. ಆದರೆ ಚಪಾತಿ ಸುತ್ತುವಾಗಲೇ ಹರಿಯುತ್ತೆ. ಮಗನ ಕಾಲೇಜಿನ ಸ್ಕ್ರೂ ಗೇಜ್‌ನಲ್ಲಿ ನೋಡಿದರೆ ಒಂದು ಸಲ 0.01 ಮಿ.ಮೀ., ಇನ್ನೊಂದು ಸಲ 0.02 ಬರುತ್ತೆ. ತೂಕ ಹಾಕಿ ದಪ್ಪ ಕಂಡುಹಿಡಿಯಬಹುದು ಅಂತಾರೆ. ಹೇಗೆ? ಅದನ್ನು ನಂಬಬಹುದಾ?"

ನಂಬಬಹುದು. ಸ್ಕ್ರೂ ಗೇಜ್‌ಗಿಂತ ಜಾಸ್ತಿನೇ ನಂಬಬಹುದು. ನಾನು ಹಾಸನದಲ್ಲೇ ಪಿಯು ಮಕ್ಕಳಿಗೆ ಭೌತಶಾಸ್ತ್ರ ಹೇಳಿಕೊಡುತ್ತೇನೆ. ಲ್ಯಾಬ್‌ನಲ್ಲಿರುವ ಸ್ಕ್ರೂ ಗೇಜ್‌ನ ಲೀಸ್ಟ್ ಕೌಂಟ್ 0.01 ಮಿ.ಮೀ., ಅಂದರೆ 10 ಮೈಕ್ರಾನ್. ನೀವು ಅಳೆಯಲು ಹೊರಟಿರುವುದು 11 ಮೈಕ್ರಾನ್. ಒಂದು ಗೆರೆ ಆಚೀಚೆ ಆದರೆ ಉತ್ತರ ಎರಡರಷ್ಟಾಗುತ್ತದೆ. ನಿಮಗೆ ಆಗಿರುವುದೂ ಅದೇ. ಗೇಜ್ ಕೆಟ್ಟಿಲ್ಲ, ಮಗನ ಕೈಯೂ ತಪ್ಪಿಲ್ಲ. ಈ ಕೆಲಸಕ್ಕೆ ಅದು ಸಾಲುವುದಿಲ್ಲ ಅಷ್ಟೇ.

ತೂಕದ ಲೆಕ್ಕ ಹೀಗೆ. ಫಾಯಿಲ್ ತುಂಡಿನ ಗಾತ್ರ ಅಂದರೆ ಅದರ ವಿಸ್ತೀರ್ಣಕ್ಕೆ ದಪ್ಪದ ಗುಣಲಬ್ಧ. ಗಾತ್ರವನ್ನು ಸಾಂದ್ರತೆಯಿಂದ ಗುಣಿಸಿದರೆ ತೂಕ. ಹಾಗಾಗಿ:

ದಪ್ಪ = ತೂಕ ÷ (ವಿಸ್ತೀರ್ಣ × ಸಾಂದ್ರತೆ)

ಅಲ್ಯೂಮಿನಿಯಂ ಸಾಂದ್ರತೆ ಒಂದು ಘನ ಸೆಂ.ಮೀ.ಗೆ 2.70 ಗ್ರಾಂ. ಫಾಯಿಲ್‌ನಲ್ಲಿ ಸ್ವಲ್ಪ ಕಬ್ಬಿಣ, ಸಿಲಿಕಾನ್ ಸೇರಿರುತ್ತದೆ. ಅದರಿಂದ 2.71 ಆದರೂ ನಿಮ್ಮ ಲೆಕ್ಕಕ್ಕೆ ಏನೂ ಆಗುವುದಿಲ್ಲ. ಒಂದು ಬದಿ ಹೊಳಪು, ಇನ್ನೊಂದು ಬದಿ ಮಂಕು ಇರುವುದನ್ನು ನೋಡಿ ಏನೋ ಲೇಪನ ಇದೆ ಅಂತ ಮಕ್ಕಳು ಕೇಳುತ್ತಾರೆ. ಲೇಪನ ಏನೂ ಇಲ್ಲ. ಕೊನೆಯ ಸಲ ರೋಲರ್‌ಗೆ ಕೊಡುವಾಗ ಎರಡು ಹಾಳೆ ಜೋಡಿಸಿ ಕೊಡುತ್ತಾರೆ. ರೋಲರ್‌ಗೆ ತಾಗಿದ ಬದಿ ಹೊಳೆಯುತ್ತದೆ, ಹಾಳೆಗೆ ಹಾಳೆ ತಾಗಿದ ಬದಿ ಮಂಕಾಗುತ್ತದೆ. ಎರಡೂ ಕಡೆ ಅದೇ ಲೋಹ.

ಈಗ ಮಾಡಿ ತೋರಿಸುತ್ತೇನೆ. ಕಟ್ಟಿನಕೆರೆ ಮಾರುಕಟ್ಟೆ ಕಡೆಯಿಂದ ತಂದ ಒಂದು ರೋಲ್ ನನ್ನ ಹತ್ತಿರ ಇತ್ತು. ಅದರ ಮೇಲೂ 11 ಮೈಕ್ರಾನ್ ಅಂತಲೇ ಬರೆದಿತ್ತು. ಗಾಜಿನ ಮೇಲೆ ಹಾಳೆ ಹರಡಿ, ಅಂಗೈಯಿಂದ ಮೆಲ್ಲಗೆ ಸವರಿ, ಸ್ಟೀಲ್ ಸ್ಕೇಲ್ ಒತ್ತಿ ಹಿಡಿದು ಹೊಸ ಬ್ಲೇಡ್‌ನಿಂದ 25 ಸೆಂ.ಮೀ. ಉದ್ದ, 20 ಸೆಂ.ಮೀ. ಅಗಲದ ತುಂಡು ಕೊಯ್ದೆ. ಕತ್ತರಿ ಬೇಡ, ಅಂಚು ಸೊಟ್ಟಗಾಗುತ್ತದೆ. ಹಳೇ ಬ್ಲೇಡ್ ಕೂಡ ಬೇಡ, ಫಾಯಿಲ್ ಕೊಯ್ಯುವ ಬದಲು ಎಳೆದು ಹರಿಯುತ್ತದೆ. ವಿಸ್ತೀರ್ಣ 500 ಚದರ ಸೆಂ.ಮೀ. ಆಯಿತು. ತುಂಡನ್ನು ಸಡಿಲವಾಗಿ ಮಡಚಿ ತಟ್ಟೆಯೊಳಗೆ ಪೂರ್ತಿ ಕೂರುವಂತೆ ಇಟ್ಟೆ. ತೂಕ 1.24 ಗ್ರಾಂ ಬಂತು.

1.24 ÷ (500 × 2.70) = 1.24 ÷ 1350 = 0.00092 ಸೆಂ.ಮೀ.

ಒಂದು ಸೆಂ.ಮೀ.ನಲ್ಲಿ 10,000 ಮೈಕ್ರಾನ್. ಅಂದರೆ ದಪ್ಪ 9.2 ಮೈಕ್ರಾನ್. ಪೆಟ್ಟಿಗೆ ಮೇಲೆ ಬರೆದಿದ್ದು 11.

ಇಲ್ಲಿ ಸ್ವಲ್ಪ ನಿಲ್ಲಬೇಕು. ಅಂಗಡಿಯವನ ಜೊತೆ ಜಗಳಕ್ಕೆ ಹೋಗುವ ಮೊದಲು ಈ 9.2 ಎಷ್ಟು ಗಟ್ಟಿ ಅಂತ ನೋಡಬೇಕು ಅಲ್ವಾ? ನನ್ನ ತಕ್ಕಡಿ 0.01 ಗ್ರಾಂವರೆಗೆ ತೋರಿಸುತ್ತದೆ. 1.24ರಲ್ಲಿ 0.01 ಅಂದರೆ ಶೇ. 0.8. ಉದ್ದ, ಅಗಲ ಎರಡರಲ್ಲೂ ಒಂದೊಂದು ಮಿ.ಮೀ. ತಪ್ಪಿದ್ದೇನೆ ಅಂದುಕೊಂಡರೆ ಶೇ. 0.4 ಮತ್ತು ಶೇ. 0.5. ಸಾಂದ್ರತೆಯಲ್ಲಿ ಇನ್ನು ಶೇ. 0.4. ಎಲ್ಲವೂ ಒಂದೇ ಕಡೆ ವಾಲಿದರೂ ಒಟ್ಟು ಶೇ. 2ರ ಆಸುಪಾಸು, ಅಂದರೆ 0.2 ಮೈಕ್ರಾನ್. ಹಾಗಾಗಿ ಈ ಹಾಳೆ 9.0ರಿಂದ 9.4ರ ಒಳಗೆ ಇದೆ. ಫಾಯಿಲ್ ವ್ಯಾಪಾರದಲ್ಲಿ ಬರೆದ ದಪ್ಪಕ್ಕಿಂತ ಶೇ. 8–10ರಷ್ಟು ಹೆಚ್ಚುಕಮ್ಮಿ ಇದ್ದರೆ ಒಪ್ಪಿಕೊಳ್ಳುವುದು ವಾಡಿಕೆ. ಆ ರಿಯಾಯಿತಿ ಪೂರ್ತಿ ಕೊಟ್ಟರೂ 11 ಅಂತ ಬರೆದಿದ್ದು 9.9ಕ್ಕಿಂತ ಕೆಳಗೆ ಬರಬಾರದು. ಇದು ಬಂದಿದೆ. ಅದೇ ನಿಮ್ಮ ತುಂಡು 10.3 ತೋರಿಸಿದರೆ ಸುಮ್ನಿರಿ, ಅದು ಸರಿಯಾದ ಮಾಲು.

ಒಂದೇ ತುಂಡಿನ ಮೇಲೆ ತೀರ್ಪು ಬೇಡ ಅಂತ ರೋಲ್‌ನ ಬೇರೆ ಬೇರೆ ಕಡೆಯಿಂದ ಅದೇ ಅಳತೆಯ ನಾಲ್ಕು ತುಂಡು ಕೊಯ್ದು ಒಟ್ಟಿಗೆ ತೂಗಿದೆ. 4.97 ಗ್ರಾಂ. ವಿಸ್ತೀರ್ಣ ಈಗ 2000 ಚದರ ಸೆಂ.ಮೀ. ದಪ್ಪ ಮತ್ತೆ 9.2. ತೂಕದ ಕಡೆಯಿಂದ ಬರುವ ಅನುಮಾನ ಈಗ ಶೇ. 0.2ಕ್ಕೆ ಇಳಿಯಿತು.

ಈ ವಿಧಾನದ ಗುಟ್ಟೆಲ್ಲ ತುಂಡು ದೊಡ್ಡದಿರಬೇಕು ಅನ್ನುವುದರಲ್ಲಿದೆ. ಫಾಯಿಲ್ ಉಳಿಸೋಣ ಅಂತ 5 ಸೆಂ.ಮೀ. ಚೌಕ ಕೊಯ್ದರೆ ಅದರ ತೂಕ 0.06 ಗ್ರಾಂ. ಇದೇ ತಕ್ಕಡಿ 0.06 ತೋರಿಸಿದರೆ ದಪ್ಪ 8.9, 0.07 ತೋರಿಸಿದರೆ 10.4. ಕೊನೆಯ ಒಂದು ಅಂಕಿ ಹಾರಿದರೆ ಒಂದೂವರೆ ಮೈಕ್ರಾನ್ ಹಾರುತ್ತದೆ. ನಿಮ್ಮ ಜಗಳ ಇರುವುದೇ ಅಷ್ಟರಲ್ಲಿ!

ಮೂಲೆ ಸರಿಯಾಗಿ 90 ಡಿಗ್ರಿ ಬಂದಿಲ್ಲ ಅಂತ ತುಂಬಾ ಜನ ತಲೆ ಕೆಡಿಸಿಕೊಳ್ಳುತ್ತಾರೆ. ಅದು ಅಷ್ಟು ದೊಡ್ಡ ವಿಷಯ ಅಲ್ಲ. 25 × 20ರ ತುಂಡಿಗೆ ಮೂಲೆಯಿಂದ ಮೂಲೆಗೆ ಎರಡೂ ಕಡೆ 32 ಸೆಂ.ಮೀ. ಬರಬೇಕು. ತುಂಡು 5 ಡಿಗ್ರಿ ವಾಲಿದರೆ ಒಂದು ಕರ್ಣ 33.3, ಇನ್ನೊಂದು 30.6 ಆಗುತ್ತದೆ. ಕಣ್ಣಿಗೇ ಸೊಟ್ಟಗೆ ಕಾಣುತ್ತದೆ. ಆದರೂ ವಿಸ್ತೀರ್ಣ ಕಡಿಮೆಯಾಗುವುದು ಬರೀ ಶೇ. 0.4. ಅದಕ್ಕಿಂತ ಹಾಳೆಯಲ್ಲಿ ಉಳಿದ ಸುಕ್ಕು ಅಪಾಯ. ಸುಕ್ಕಿದ್ದರೆ ಸ್ಕೇಲ್ ಕಡಿಮೆ ಉದ್ದ ತೋರಿಸುತ್ತದೆ, ತೂಕ ಮಾತ್ರ ಪೂರ್ತಿ ಬರುತ್ತದೆ. ಫಾಯಿಲ್ ನಿಜಕ್ಕಿಂತ ದಪ್ಪ ಅನ್ನಿಸುತ್ತದೆ. ಅದಕ್ಕೇ ಮೊದಲು ಸವರಿ, ಅಳೆದು, ಆಮೇಲೆ ಮಡಚಿ. ಕೈಯಲ್ಲಿ ಎಣ್ಣೆ, ಹಿಟ್ಟು ಇರಬಾರದು ಅಂತ ಮೆಸ್ ನಡೆಸುವವರಿಗೆ ಬೇರೆ ಹೇಳಬೇಕಿಲ್ಲ.

ತಕ್ಕಡಿ ಎಲ್ಲಿ ಸಿಗುತ್ತೆ ಅಂದರೆ, ಪರಿಚಯದ ಅಕ್ಕಸಾಲಿಗರು ಇದ್ದರೆ ಅವರ ಹತ್ತಿರ 0.01 ಗ್ರಾಂ ಅಥವಾ ಅದಕ್ಕಿಂತ ಸೂಕ್ಷ್ಮದ್ದು ಖಂಡಿತ ಇರುತ್ತದೆ. ಫ್ಯಾನ್ ಆರಿಸಲು ಹೇಳಿ. ಹಾಳೆಯ ಅಂಚು ತಟ್ಟೆಯಿಂದ ಹೊರಗೆ ಚಾಚಿ ಗಾಜಿಗೋ ಮೇಜಿಗೋ ತಾಗಿದರೆ ಅಂಕಿ ಕುಣಿಯುತ್ತಲೇ ಇರುತ್ತದೆ. ಅಂಕಿ ನಿಲ್ಲದಿದ್ದರೆ ಈ ಎರಡರಲ್ಲಿ ಒಂದು ಕಾರಣ.

ಅಕ್ಕಸಾಲಿಗರ ಗೊಡವೆ ಬೇಡ, ಅಡುಗೆಮನೆಯ 1 ಗ್ರಾಂ ತಕ್ಕಡಿಯೇ ಸಾಕು ಅಂದರೆ ಅದಕ್ಕೂ ದಾರಿ ಇದೆ. ಒಂದು ಚದರ ಮೀಟರ್ ಹಾಳೆ ಒಂದು ಮೈಕ್ರಾನ್ ದಪ್ಪ ಇದ್ದರೆ ಅದರ ಗಾತ್ರ ಸರಿಯಾಗಿ ಒಂದು ಘನ ಸೆಂ.ಮೀ. ಅದರ ತೂಕ 2.7 ಗ್ರಾಂ. ಹಾಗಾಗಿ ಒಂದು ಚದರ ಮೀಟರ್ ಫಾಯಿಲ್ ತೂಗಿ 2.7ರಿಂದ ಭಾಗಿಸಿದರೆ ನೇರ ಮೈಕ್ರಾನ್ ಬರುತ್ತದೆ. ಸೊನ್ನೆಗಳ ಗೋಜಲೇ ಇಲ್ಲ. ಮಕ್ಕಳು ಮಿ.ಮೀ., ಸೆಂ.ಮೀ. ಬೆರೆಸಿ 92 ಮೈಕ್ರಾನ್ ಅಂತ ಬರೆದು ತಂದಾಗ ನಾನು ಇದರಿಂದಲೇ ತಾಳೆ ನೋಡಲು ಹೇಳುತ್ತೇನೆ. 11 ಮೈಕ್ರಾನ್‌ಗೆ ಚದರ ಮೀಟರ್‌ಗೆ 29.7 ಗ್ರಾಂ ಬರಬೇಕು, 9.2ಕ್ಕೆ 24.8. ಈ ಐದು ಗ್ರಾಂ ವ್ಯತ್ಯಾಸ ಅಡುಗೆಮನೆ ತಕ್ಕಡಿಗೂ ಕಾಣುತ್ತದೆ. ಒಂದು ಮಾತು ಮಾತ್ರ: ಇಂಥ ತಕ್ಕಡಿಗಳು ಖಾಲಿ ತಟ್ಟೆ ಮೇಲೆ ತೀರಾ ಹಗುರವಾದದ್ದನ್ನು ಮೆಲ್ಲಗೆ ಇಟ್ಟರೆ ಗಮನಿಸದೆ ಸೊನ್ನೆಯಲ್ಲೇ ಕೂರಬಹುದು. ಮೊದಲು ಒಂದು ಬಟ್ಟಲು ಇಟ್ಟು ಅಂಕಿ ಬರೆದುಕೊಳ್ಳಿ. ಆಮೇಲೆ ಎಲ್ಲ ತುಂಡು ಒಂದೇ ಸಲ ಹಾಕಿ ವ್ಯತ್ಯಾಸ ನೋಡಿ.

ನಿಮ್ಮ ರೋಲ್ ಖಾಲಿಯಾಗುತ್ತಾ ಬಂದಿದ್ದರೆ ಒಳಗಿನ ರಟ್ಟಿನ ಕೊಳವೆ ಎಸೆಯಬೇಡಿ. ಅದನ್ನು ತೂಗಿ ಇಟ್ಟುಕೊಳ್ಳಿ. ಅದೇ ಕಂಪನಿಯ ಹೊಸ ರೋಲ್ ತಂದಾಗ ಒಟ್ಟು ತೂಕದಿಂದ ಅದನ್ನು ಕಳೆದರೆ ಬರೀ ಲೋಹದ ತೂಕ ಸಿಗುತ್ತದೆ. 30 ಸೆಂ.ಮೀ. ಅಗಲ, 9 ಮೀಟರ್ ಉದ್ದ ಅಂದರೆ 2.7 ಚದರ ಮೀಟರ್. 11 ಮೈಕ್ರಾನ್ ಆದರೆ 80 ಗ್ರಾಂ ಲೋಹ ಇರಬೇಕು. ತುಂಡು ತೂಗಿದಾಗ 11 ಸರಿಯಾಗಿ ಬಂದು, ರೋಲ್ ಮಾತ್ರ 80ಕ್ಕಿಂತ ತುಂಬಾ ಕಡಿಮೆ ತೂಗಿದರೆ ದಪ್ಪದಲ್ಲಿ ಮೋಸ ಇಲ್ಲ, ಉದ್ದದಲ್ಲೋ ಅಗಲದಲ್ಲೋ ಇದೆ. ಅಗಲವನ್ನು ಸ್ಕೇಲ್ ಇಟ್ಟು ಅಲ್ಲೇ ನೋಡಬಹುದು.

ಮಗನಿಗೆ ಸ್ಕ್ರೂ ಗೇಜ್ ಬಿಡಲು ಮನಸ್ಸಿಲ್ಲದಿದ್ದರೆ ಹಾಳೆಯನ್ನು ನಾಲ್ಕು ಸಲ ಮಡಚಿ 16 ಪದರ ಮಾಡಿ ಅಳೆದು, 16ರಿಂದ ಭಾಗಿಸಲಿ. ತೂಕದ ಉತ್ತರಕ್ಕಿಂತ ಸ್ವಲ್ಪ ಜಾಸ್ತಿಯೇ ಬರುತ್ತದೆ, ಏಕೆಂದರೆ ಪದರಗಳ ನಡುವೆ ಗಾಳಿ, ಸುಕ್ಕು ಉಳಿಯುತ್ತದೆ. ತೂಕಕ್ಕೆ ಗಾಳಿಯ ಕಾಟ ಇಲ್ಲ. ಆದರೆ ತೂಕ ಹೇಳುವುದು ಇಡೀ ತುಂಡಿನ ಸರಾಸರಿ ದಪ್ಪ. ಒಂದು ಕಡೆ 8, ಇನ್ನೊಂದು ಕಡೆ 10 ಇದ್ದರೂ ಅದು 9 ಅನ್ನುತ್ತದೆ. ಒಂದೇ ಜಾಗದಲ್ಲಿ ಪದೇ ಪದೇ ಹರಿಯುತ್ತಿದ್ದರೆ ಆ ಅಂಚಿನ ಕಡೆಯಿಂದ ಉದ್ದನೆಯ ಪಟ್ಟಿ ಕೊಯ್ದು ಬೇರೆಯೇ ತೂಗಬೇಕು.

ಇನ್ನೊಂದು ಎಚ್ಚರಿಕೆ. ಕಾಫಿಪುಡಿ ಪ್ಯಾಕೆಟ್, ಚಿಪ್ಸ್ ಪೊಟ್ಟಣಕ್ಕೆ ಈ ಲೆಕ್ಕ ಹಾಕಬೇಡಿ. ಒಳಗೆ ಬೆಳ್ಳಗೆ ಹೊಳೆದರೂ ಅದರಲ್ಲಿ ಹೆಚ್ಚಿನ ಭಾಗ ಪ್ಲಾಸ್ಟಿಕ್. ಪದರ ಪದರಕ್ಕೂ ಸಾಂದ್ರತೆ ಬೇರೆ. ಎಲ್ಲಕ್ಕೂ 2.7ರಿಂದ ಭಾಗಿಸಿದರೆ ಬರುವ ಸಂಖ್ಯೆ ಯಾವ ಪದರದ ದಪ್ಪವೂ ಅಲ್ಲ. ಎಷ್ಟೋ ಪೊಟ್ಟಣಗಳಲ್ಲಿ ಫಾಯಿಲ್ ಇರುವುದೇ ಇಲ್ಲ. ಪ್ಲಾಸ್ಟಿಕ್ ಮೇಲೆ ಒಂದು ಮೈಕ್ರಾನ್‌ನ ಹತ್ತನೇ ಒಂದು ಭಾಗಕ್ಕಿಂತ ತೆಳುವಾದ ಅಲ್ಯೂಮಿನಿಯಂ ಆವಿ ಕೂರಿಸಿರುತ್ತಾರೆ. ಮಡಚಿ ಬಿಟ್ಟರೆ ತಾನಾಗಿ ಬಿಚ್ಚಿಕೊಳ್ಳುತ್ತದೆ, ಹಿಂದಿನಿಂದ ಮೊಬೈಲ್ ಟಾರ್ಚ್ ಹಿಡಿದರೆ ಬೆಳಕು ಮಸುಕಾಗಿ ಕಾಣುತ್ತದೆ. ನಿಜವಾದ ಫಾಯಿಲ್ ಮಡಚಿದ ಹಾಗೇ ಇರುತ್ತದೆ. ಟಾರ್ಚ್ ಹಿಡಿದರೆ ಅಲ್ಲೊಂದು ಇಲ್ಲೊಂದು ಸೂಜಿತೂತು ಕಾಣಬಹುದು, ಉಳಿದಿದ್ದೆಲ್ಲ ಕತ್ತಲೆ. ಆ ತೂತುಗಳಿಂದ ತೂಕದಲ್ಲಿ ಏನೂ ವ್ಯತ್ಯಾಸ ಬರುವುದಿಲ್ಲ, ಲೆಕ್ಕಕ್ಕೆ ಹಿಡಿಯಬೇಡಿ.