ಐದು ವರ್ಷ ಮುಟ್ಟುವಂತಿಲ್ಲದ ಠೇವಣಿ: ಲಾಭ ಪಡೆಯದಿದ್ದರೂ ಬೀಗ ಬಿಚ್ಚುವುದಿಲ್ಲವೇ?

ಪ್ರಶ್ನೆ: ನಾನು ಶಿರಸಿಯ ಖಾಸಗಿ ಶಾಲೆಯೊಂದರಲ್ಲಿ ಶಿಕ್ಷಕಿ. 2024ರ ಮಾರ್ಚ್ 25ರಂದು ಬ್ಯಾಂಕಿನಲ್ಲಿ ₹1.5 ಲಕ್ಷವನ್ನು ಐದು ವರ್ಷದ ತೆರಿಗೆ ಉಳಿತಾಯ ಎಫ್‌ಡಿಗೆ ಹಾಕಿದೆ. ಬಡ್ಡಿ ಶೇ 6.5, ಕೊನೆಗೆ ಒಟ್ಟಿಗೆ ಕೊಡುವ ಬಗೆ. ಆ ವರ್ಷ ನನ್ನ ಸಂಬಳ ₹7.4 ಲಕ್ಷ. ರಿಟರ್ನ್ ಸಲ್ಲಿಸಿದವರು ಹೊಸ ತೆರಿಗೆ ಪದ್ಧತಿಯಲ್ಲೇ ಸಲ್ಲಿಸಿದ್ದರಿಂದ ಈ ಠೇವಣಿಯ ಲಾಭವೇ ನನಗೆ ಸಿಗಲಿಲ್ಲ. ಈಗ ಮಳೆಗಾಲಕ್ಕೆ ಮುಂಚೆ ಮನೆಯ ಮಾಡು ರಿಪೇರಿಗೆ ಒಂದು ಲಕ್ಷ ಬೇಕು. ಠೇವಣಿ ಮುರಿಯಲೂ ಆಗದು, ಅದರ ಮೇಲೆ ಸಾಲವೂ ಇಲ್ಲ ಎನ್ನುತ್ತಾರೆ ಮ್ಯಾನೇಜರ್. ತೆರಿಗೆ ಲಾಭ ಪಡೆದಿಲ್ಲವೆಂದು ಬರೆದುಕೊಟ್ಟರೆ ಮುರಿದುಕೊಡಲೇಬೇಕು ಎನ್ನುತ್ತಾರೆ ಪಕ್ಕದ ಮನೆಯವರು. ಯಾರ ಮಾತು ಸರಿ?

ಉತ್ತರ: ಮ್ಯಾನೇಜರ್ ಹೇಳಿದ್ದೇ ಸರಿ. ನಿಮಗೆ ಬೇಸರವಾಗುತ್ತದೆಂದು ಗೊತ್ತಿದ್ದೂ ಇದನ್ನು ಮೊದಲೇ ಹೇಳಿಬಿಡುತ್ತಿದ್ದೇನೆ. ಇಲ್ಲದಿದ್ದರೆ ಒಂದು ಶಾಖೆಯಿಂದ ಇನ್ನೊಂದಕ್ಕೆ, ಅಲ್ಲಿಂದ ಪ್ರಾದೇಶಿಕ ಕಚೇರಿಗೆ ಅರ್ಜಿ ಹಿಡಿದು ಅಲೆಯುವುದರಲ್ಲೇ ಮಳೆ ಹಿಡಿದುಕೊಳ್ಳುತ್ತದೆ.

ಬೀಗ ಎಲ್ಲಿದೆ ಎಂಬುದನ್ನು ತಿಳಿದರೆ ಉಳಿದದ್ದೆಲ್ಲ ಸುಲಭವಾಗಿ ಅರ್ಥವಾಗುತ್ತದೆ. ಸಾಮಾನ್ಯ ಎಫ್‌ಡಿಯ ಷರತ್ತುಗಳನ್ನು ಬಹುಮಟ್ಟಿಗೆ ಬ್ಯಾಂಕೇ ನಿರ್ಧರಿಸುತ್ತದೆ. ಹಾಗಾಗಿ ಅವಧಿಗೆ ಮುಂಚೆ ಮುರಿದರೆ ಬಡ್ಡಿಯಲ್ಲಿ ಒಂದಿಷ್ಟು ಕಡಿತ ಮಾಡಿ ಹಣ ಕೊಡುತ್ತದೆ. ನಿಮ್ಮ ಠೇವಣಿ ಹಾಗಲ್ಲ. ಅದು ಕೇಂದ್ರ ಸರ್ಕಾರ 2006ರ ಜುಲೈಯಲ್ಲಿ ಅಧಿಸೂಚನೆ ಹೊರಡಿಸಿ ಜಾರಿಗೆ ತಂದ ಬ್ಯಾಂಕ್ ಅವಧಿ ಠೇವಣಿ ಯೋಜನೆಯಡಿ ತೆರೆದದ್ದು. ಐದು ವರ್ಷ ತುಂಬುವ ಮುನ್ನ ಹಣ ಹಿಂಪಡೆಯುವಂತಿಲ್ಲ ಎಂದು ಆ ಯೋಜನೆಯೇ ಹೇಳುತ್ತದೆ. ದಂಡ ಕಟ್ಟಿ ಮುರಿಯುವ ದಾರಿಯನ್ನೂ ಅದು ಇಟ್ಟಿಲ್ಲ. ಆಸ್ಪತ್ರೆ ಖರ್ಚು, ಮದುವೆ, ಮನೆ ರಿಪೇರಿ ಎಂಬ ವಿನಾಯಿತಿಗಳೂ ಅದರಲ್ಲಿಲ್ಲ. ಮ್ಯಾನೇಜರ್‌ಗೆ ನಿಮ್ಮ ಮೇಲೆ ಎಷ್ಟೇ ಕನಿಕರವಿದ್ದರೂ ಆ ಅಧಿಕಾರ ಅವರ ಕೈಯಲ್ಲಿಲ್ಲ.

ಬೀಗ ಬಿದ್ದಿರುವುದು ಠೇವಣಿಯ ಮೇಲೆ. ನೀವು ರಿಟರ್ನ್‌ನಲ್ಲಿ ಏನು ಬರೆದಿರಿ, ಏನು ಬಿಟ್ಟಿರಿ ಎಂಬುದಕ್ಕೂ ಅದಕ್ಕೂ ಸಂಬಂಧವಿಲ್ಲ. ತೆರಿಗೆ ಕಡಿತ ಪಡೆದವರಿಗೂ ಪಡೆಯದವರಿಗೂ ಐದು ವರ್ಷ ಐದು ವರ್ಷವೇ. ಲಾಭ ಪಡೆದಿಲ್ಲವೆಂದು ಬರೆದುಕೊಟ್ಟರೂ ಬ್ಯಾಂಕ್ ಆ ಕಾಗದವನ್ನು ಕಡತದಲ್ಲಿ ಇಟ್ಟುಕೊಳ್ಳಬಹುದೇ ಹೊರತು ಹಣ ಕೊಡುವಂತಿಲ್ಲ.

ನಿಮ್ಮ ನೆರೆಯವರು ಸುಮ್ಮನೆ ಹೇಳಿದ್ದಾರೆಂದು ನನಗೆ ಅನಿಸುವುದಿಲ್ಲ. ಬಹುಶಃ ಅವರ ಮನಸ್ಸಿನಲ್ಲಿರುವುದು ಅಂಚೆ ಕಚೇರಿಯ ಐದು ವರ್ಷದ ಠೇವಣಿ. ಅದಕ್ಕೂ ಇದೇ ತೆರಿಗೆ ಕಡಿತವಿದೆ, ಆದರೆ ನಿಯಮ ಬೇರೆ. ಅಲ್ಲಿ ಅವಧಿಗೆ ಮುಂಚೆ ಮುಚ್ಚಲು ಅವಕಾಶವಿದೆ. ಹಾಗೆ ಮುಚ್ಚಿದರೆ ಹಿಂದೆ ಕಡಿತ ಪಡೆದ ಮೊತ್ತ ಮುಚ್ಚಿದ ವರ್ಷದ ಆದಾಯಕ್ಕೆ ಸೇರಿ ತೆರಿಗೆಗೆ ಒಳಪಡುತ್ತದೆ. ಲಾಭ ಪಡೆಯದಿದ್ದವರಿಗೆ ಆ ತೆರಿಗೆ ಬರುವುದಿಲ್ಲ. ಈ ಮಾತೇ ಬಾಯಿಂದ ಬಾಯಿಗೆ ದಾಟುತ್ತಾ ಬ್ಯಾಂಕ್ ಠೇವಣಿಗೂ ಅಂಟಿಕೊಂಡಿದೆ. ಅಂಚೆಯಲ್ಲೂ ಈಗ ಮೊದಲಿನಷ್ಟು ಸಡಿಲವಿಲ್ಲ. 2023ರ ನವೆಂಬರ್ ನಂತರ ತೆರೆದ ಐದು ವರ್ಷದ ಖಾತೆಯನ್ನು ನಾಲ್ಕು ವರ್ಷ ತುಂಬುವವರೆಗೆ ಮುಚ್ಚಲಾಗದು.

ಇನ್ನು ಸಾಲದ ವಿಷಯ. ಸಾಮಾನ್ಯ ಎಫ್‌ಡಿ ಇದ್ದವರಿಗೆ ಅದರ ಬಹುಪಾಲು ಮೊತ್ತವನ್ನು ಬ್ಯಾಂಕ್ ಸಾಲವಾಗಿಯೋ ಓವರ್‌ಡ್ರಾಫ್ಟ್ ಆಗಿಯೋ ಕೊಡುತ್ತದೆ. ನಿಮ್ಮ ಠೇವಣಿಯನ್ನು ಸಾಲಕ್ಕೆ ಅಡ ಇಡುವಂತಿಲ್ಲ, ಬೇರೆ ಯಾವುದಕ್ಕೂ ಭದ್ರತೆಯಾಗಿ ಕೊಡುವಂತಿಲ್ಲ ಎಂದು ಅದೇ ಯೋಜನೆ ಹೇಳುತ್ತದೆ. ಮಗನ ಶಿಕ್ಷಣ ಸಾಲಕ್ಕೆ, ತಮ್ಮನ ಅಂಗಡಿ ಸಾಲಕ್ಕೆ ಇದನ್ನು ಖಾತರಿಯಾಗಿ ತೋರಿಸಲಾಗದು. ಎಫ್‌ಡಿ ಆಧಾರದ ಮೇಲೆ ಕೊಡುವ ಕ್ರೆಡಿಟ್ ಕಾರ್ಡ್ ಕೂಡ ಸಿಗದು, ಅದೂ ಅಡಮಾನವೇ. ಉಳಿತಾಯ ಖಾತೆಯಲ್ಲಿ ಹಣ ಕಡಿಮೆಯಾದಾಗ ತಾನಾಗಿ ಎಫ್‌ಡಿಯಿಂದ ಎಳೆದುಕೊಳ್ಳುವ ಸೌಲಭ್ಯಕ್ಕೂ ಇದನ್ನು ಜೋಡಿಸಲಾಗದು. ಅರ್ಧ ಮೊತ್ತ ಮಾತ್ರ ತೆಗೆಯುತ್ತೇನೆಂದರೂ ಉತ್ತರ ಇಲ್ಲವೆಂದೇ. ಈ ಠೇವಣಿಯನ್ನು ಬೇರೆ ಬ್ಯಾಂಕಿಗೆ ಒಯ್ಯುವುದೂ ಆಗದು. ಅದೇ ಬ್ಯಾಂಕಿನ ಇನ್ನೊಂದು ಶಾಖೆಗೆ ವರ್ಗಾಯಿಸಿಕೊಳ್ಳಬಹುದು, ಅಷ್ಟೇ.

ಒಂದು ಎಚ್ಚರಿಕೆಯನ್ನು ಒತ್ತಿ ಹೇಳುತ್ತೇನೆ. ಹಣದ ತುರ್ತಿನಲ್ಲಿರುವಾಗ 'ರಸೀದಿ ನಮ್ಮ ಹತ್ತಿರ ಇಟ್ಟು ಸಹಿ ಮಾಡಿ, ನಾವು ಹಣ ಕೊಡುತ್ತೇವೆ' ಎನ್ನುವ ಖಾಸಗಿ ಲೇವಾದೇವಿಯವರು ಎದುರಾಗಬಹುದು. ಆ ರಸೀದಿಯ ಮೇಲೆ ಬ್ಯಾಂಕ್ ಅವರ ಹಕ್ಕನ್ನು ಮಾನ್ಯ ಮಾಡುವುದಿಲ್ಲ. ಅದು ಗೊತ್ತಿರುವುದರಿಂದಲೇ ಅವರು ಜೊತೆಗೆ ಖಾಲಿ ಚೆಕ್ಕನ್ನೋ ಸಹಿ ಮಾಡಿದ ಖಾಲಿ ಕಾಗದವನ್ನೋ ಕೇಳುತ್ತಾರೆ. ದಯವಿಟ್ಟು ಕೊಡಬೇಡಿ.

ಯೋಜನೆ ಅವಧಿಗೆ ಮುಂಚೆ ಬಾಗಿಲು ತೆರೆಯುವುದು ಠೇವಣಿದಾರರು ತೀರಿಕೊಂಡಾಗ. ಆಗ ನಾಮಿನಿ, ನಾಮಿನಿ ಇಲ್ಲದಿದ್ದರೆ ಕಾನೂನುಬದ್ಧ ವಾರಸುದಾರರು ಐದು ವರ್ಷ ಕಾಯದೆ ಹಣ ಪಡೆಯಬಹುದು. ಜಂಟಿ ಠೇವಣಿಯಾದರೆ ಮೊದಲ ಹೆಸರಿನವರು ತೀರಿಕೊಂಡಾಗ ಎರಡನೆಯವರು ಮರಣ ಪ್ರಮಾಣಪತ್ರದೊಂದಿಗೆ ಅರ್ಜಿ ಕೊಟ್ಟು ಪಡೆಯಬಹುದು. ನಿಮ್ಮ ರಸೀದಿಯಲ್ಲಿ ನಾಮಿನಿಯ ಹೆಸರು ಇದೆಯೇ ಎಂದು ಇಂದೇ ನೋಡಿ. ಇಲ್ಲದಿದ್ದರೆ ಶಾಖೆಯಲ್ಲಿ ಅರ್ಜಿ ಕೊಟ್ಟು ಸೇರಿಸಿ.

ಇನ್ನು ತೆರಿಗೆ. ಲಾಭ ಸಿಗಲಿಲ್ಲವೆಂದು ನೊಂದುಕೊಂಡಿದ್ದೀರಿ. ಲೆಕ್ಕ ಮಾಡಿ ನೋಡಿದರೆ ನಿಮ್ಮ ರಿಟರ್ನ್ ಸಲ್ಲಿಸಿದವರು ತಪ್ಪು ಮಾಡಿಲ್ಲ. 2023–24ರ ನಿಮ್ಮ ₹7.4 ಲಕ್ಷ ಸಂಬಳದಲ್ಲಿ ₹50,000 ಸ್ಟ್ಯಾಂಡರ್ಡ್ ಡಿಡಕ್ಷನ್ ಕಳೆದರೆ ಉಳಿಯುವುದು ₹6.9 ಲಕ್ಷ. ಆ ವರ್ಷ ಹೊಸ ಪದ್ಧತಿಯಲ್ಲಿ ₹7 ಲಕ್ಷದವರೆಗಿನ ಆದಾಯಕ್ಕೆ ಪೂರ್ತಿ ರಿಯಾಯಿತಿ ಇತ್ತು, ಹಾಗಾಗಿ ತೆರಿಗೆ ಸೊನ್ನೆ. ಹಳೆಯ ಪದ್ಧತಿಯಲ್ಲಿ, ಇಂಥ ಠೇವಣಿಗೆ ಕಡಿತ ಕೊಡುವ ಸೆಕ್ಷನ್ 80ಸಿಯ ₹1.5 ಲಕ್ಷವನ್ನು ಪೂರ್ತಿ ತೋರಿಸಿದ್ದರೂ ₹5.4 ಲಕ್ಷ ಉಳಿದು, ಸೆಸ್ ಸೇರಿ ಸುಮಾರು ₹21 ಸಾವಿರ ತೆರಿಗೆ ಕಟ್ಟಬೇಕಾಗುತ್ತಿತ್ತು. ಅಂದರೆ ನಿಮಗೆ ತೆರಿಗೆಯಲ್ಲಿ ನಷ್ಟವಾಗಿಲ್ಲ. ನಷ್ಟವಾದದ್ದು ಹಣವನ್ನು ಬೇಕಾದಾಗ ತೆಗೆಯುವ ಸ್ವಾತಂತ್ರ್ಯ. ಅಷ್ಟೇ ಮೊತ್ತವನ್ನು ಸಾಮಾನ್ಯ ಎಫ್‌ಡಿಯಲ್ಲಿ ಇಟ್ಟಿದ್ದರೆ ತೆರಿಗೆ ಆಗಲೂ ಸೊನ್ನೆಯೇ ಇರುತ್ತಿತ್ತು, ಹಣ ಇಂದು ಕೈಗೆ ಸಿಗುತ್ತಿತ್ತು.

ನನಗೆ ನಿಜಕ್ಕೂ ಸಂಕಟವಾಗುವುದು ಇಲ್ಲಿಯೇ. ಮಾರ್ಚ್ ಕೊನೆಯ ವಾರದಲ್ಲಿ ಕೌಂಟರಿನ ಮುಂದೆ ನಿಂತವರಿಗೆ 'ನೀವು ಹಳೆಯ ಪದ್ಧತಿಯಲ್ಲಿದ್ದೀರಾ, ಹೊಸದರಲ್ಲಿದ್ದೀರಾ' ಎಂಬ ಒಂದು ಪ್ರಶ್ನೆಯನ್ನು ಯಾರಾದರೂ ಕೇಳಬೇಕು. ಹೊಸ ಪದ್ಧತಿಯಲ್ಲಿ ಇಂಥ ಠೇವಣಿಗೆ ಕಡಿತವೇ ಇಲ್ಲ. 2023–24ರಿಂದ ನಾವು ಬೇರೆ ಹೇಳದಿದ್ದರೆ ಹೊಸ ಪದ್ಧತಿಯೇ ತಾನಾಗಿ ಅನ್ವಯಿಸುತ್ತದೆ. ಹಳೆಯದು ಬೇಕಿದ್ದರೆ ಗಡುವಿನೊಳಗೆ ರಿಟರ್ನ್ ಸಲ್ಲಿಸುವಾಗಲೇ ಆರಿಸಿಕೊಳ್ಳಬೇಕು, ತಡವಾಗಿ ಸಲ್ಲಿಸಿದರೆ ಆ ಅವಕಾಶವಿಲ್ಲ. ಹೋದ ವರ್ಷದ ಠೇವಣಿಯನ್ನು ಈ ವರ್ಷದ ಲೆಕ್ಕಕ್ಕೆ ತೋರಿಸಲೂ ಆಗದು. ಹಣ ಹಾಕಿದ ವರ್ಷಕ್ಕೆ ಮಾತ್ರ ಕಡಿತ.

ಬಡ್ಡಿಯ ಬಗ್ಗೆ ನೀವು ಕೇಳಿಲ್ಲ, ಆದರೆ ಹೇಳದೆ ಬಿಡಲಾರೆ. ಮೂರು ತಿಂಗಳಿಗೊಮ್ಮೆ ಚಕ್ರಬಡ್ಡಿ ಸೇರುತ್ತದೆಂದರೆ ಶೇ 6.5ರಲ್ಲಿ ನಿಮ್ಮ ₹1.5 ಲಕ್ಷ ಮೊದಲ ವರ್ಷ ಸುಮಾರು ₹9,990, ಎರಡನೆಯ ವರ್ಷ ಸುಮಾರು ₹10,650 ಗಳಿಸಿದೆ. ಐದು ವರ್ಷ ತುಂಬಿದಾಗ ಕೈಗೆ ಬರುವುದು ಸುಮಾರು ₹2.07 ಲಕ್ಷ. ಠೇವಣಿಯ ಹೆಸರಿನಲ್ಲಿ ತೆರಿಗೆ ಉಳಿತಾಯವೆಂದಿದ್ದರೂ ಈ ಬಡ್ಡಿಗೆ ವಿನಾಯಿತಿ ಇಲ್ಲ. ಕೈಗೆ ಬರದಿದ್ದರೂ ಬ್ಯಾಂಕ್ ಅದನ್ನು ವರ್ಷವರ್ಷವೂ ನಿಮ್ಮ ಪ್ಯಾನ್ ಹೆಸರಿನಲ್ಲಿ ಇಲಾಖೆಗೆ ತಿಳಿಸುತ್ತದೆ. ಆದ್ದರಿಂದ ಪ್ರತಿ ವರ್ಷದ ರಿಟರ್ನ್‌ನಲ್ಲಿ ಆ ವರ್ಷದ ಬಡ್ಡಿಯನ್ನು ಇತರ ಆದಾಯವೆಂದು ತೋರಿಸಿ. ನಿಮ್ಮ ಆದಾಯದ ಮಟ್ಟದಲ್ಲಿ ಹೊಸ ಪದ್ಧತಿಯ ರಿಯಾಯಿತಿಯಿಂದಾಗಿ ಇದರಿಂದ ತೆರಿಗೆ ಹೆಚ್ಚಾಗಲಿಕ್ಕಿಲ್ಲ. ತೋರಿಸದೆ ಬಿಟ್ಟರೆ ಲೆಕ್ಕ ತಾಳೆಯಾಗುತ್ತಿಲ್ಲವೆಂದು ಸಂದೇಶ ಬರಬಹುದು. ಠೇವಣಿ ತೆರೆಯುವಾಗಲೇ ತಿಂಗಳಿಗೋ ಮೂರು ತಿಂಗಳಿಗೋ ಬಡ್ಡಿ ಕೊಡುವ ಬಗೆಯನ್ನು ಆರಿಸಿಕೊಂಡಿದ್ದರೆ ಕನಿಷ್ಠ ಬಡ್ಡಿಯಾದರೂ ಉಳಿತಾಯ ಖಾತೆಗೆ ಬರುತ್ತಿತ್ತು.

ಈಗ ಮಾಡಿನ ವಿಷಯಕ್ಕೆ ಬರೋಣ. ಪಕಾಸು, ರೀಪು ಬದಲಿಸಿ ಹೆಂಚು ಹೊದಿಸುವ ಕೆಲಸವನ್ನು ಮಳೆ ಕೇಳಿಕೊಂಡು ಮುಂದೂಡಲಾಗದು. ಈ ಠೇವಣಿಯನ್ನು ಪಕ್ಕಕ್ಕಿಟ್ಟು ಬೇರೆ ಏನಿದೆ ನೋಡಿ. ಮನೆಯಲ್ಲಿ ಚಿನ್ನವಿದ್ದರೆ ಬ್ಯಾಂಕಿನ ಚಿನ್ನದ ಸಾಲ ಬೇಗ ಸಿಗುತ್ತದೆ, ವೈಯಕ್ತಿಕ ಸಾಲಕ್ಕಿಂತ ಸಾಮಾನ್ಯವಾಗಿ ಅಗ್ಗ. ಹಳೆಯ ಎಲ್‌ಐಸಿ ಪಾಲಿಸಿಗೆ ಸರೆಂಡರ್ ಮೌಲ್ಯ ಬಂದಿದ್ದರೆ ಅದರ ಮೇಲೂ ಸಾಲ ಕೇಳಬಹುದು. ಭವಿಷ್ಯ ನಿಧಿ ಖಾತೆ ಇದ್ದರೆ, ಮನೆ ದುರಸ್ತಿಗೆ ಅದರಿಂದ ಮುಂಗಡ ಪಡೆಯುವ ನಿಯಮವಿದೆ. ನಿಮ್ಮ ಸೇವಾವಧಿಗೆ ಅದು ಅನ್ವಯಿಸುತ್ತದೆಯೇ ಎಂದು ಶಾಲೆಯ ಕಚೇರಿಯಲ್ಲಿ ವಿಚಾರಿಸಿ. ಈ ಮೂರರಲ್ಲಿ ನನ್ನ ಮೊದಲ ಆಯ್ಕೆ ಚಿನ್ನದ ಸಾಲ, ಏಕೆಂದರೆ ಸಂಬಳದಿಂದ ತಿಂಗಳಿಗಿಷ್ಟು ಕಟ್ಟಿ ಒಂದೆರಡು ವರ್ಷದಲ್ಲಿ ತೀರಿಸಬಹುದು, ನಿವೃತ್ತಿಯ ಹಣಕ್ಕೆ ಕೈ ಹಾಕಬೇಕಿಲ್ಲ.

ಕೊನೆಯದಾಗಿ ಒಂದು ದಿನಾಂಕ ಗುರುತು ಹಾಕಿಕೊಳ್ಳಿ: 2029ರ ಮಾರ್ಚ್ 25. ಅದಕ್ಕೆ ಮುಂಚೆ ಶಾಖೆಗೆ ಹೋಗಿ, ಮೊತ್ತವನ್ನು ಉಳಿತಾಯ ಖಾತೆಗೆ ಹಾಕುವಂತೆ ಬರೆದುಕೊಟ್ಟು ಸ್ವೀಕೃತಿ ಪಡೆಯಿರಿ. ಅವಧಿ ಮುಗಿದರೂ ಕೇಳದೆ ಬಿಟ್ಟ ಠೇವಣಿಗೆ, ರಿಸರ್ವ್ ಬ್ಯಾಂಕಿನ 2021ರ ಸೂಚನೆಯಂತೆ, ಉಳಿತಾಯ ಖಾತೆಯ ದರ ಮತ್ತು ಠೇವಣಿಯ ಮೂಲ ದರ ಇವೆರಡರಲ್ಲಿ ಕಡಿಮೆ ಇರುವುದೇ ಸಿಗುತ್ತದೆ. ಆ ದಿನ ಕೌಂಟರಿನಲ್ಲಿ ಇದನ್ನೇ ಮತ್ತೆ ಐದು ವರ್ಷಕ್ಕೆ ಹಾಕಿ ಎಂದರೆ, ಆ ವರ್ಷ ನೀವು ಯಾವ ತೆರಿಗೆ ಪದ್ಧತಿಯಲ್ಲಿದ್ದೀರಿ ಎಂದು ನೋಡಿಕೊಂಡ ಮೇಲೆಯೇ ಅರ್ಜಿಗೆ ಸಹಿ ಹಾಕಿ.