ಹೆಸರು ಬೇರೆ, ಒಳಗಿನ ಔಷಧ ಒಂದೇ: ಸ್ಟ್ರಿಪ್ ಓದುವುದು ಹೇಗೆ?

ಪ್ರಶ್ನೆ: ಜ್ವರಕ್ಕೆ ಡಾಕ್ಟರ್ ಬರೆದ ಮಾತ್ರೆ ಇದೆ. ನೆಗಡಿಗೆ ಅಂತ ಮೊದಲೇ ತಂದಿಟ್ಟ ಇನ್ನೊಂದು ಮಾತ್ರೆಯೂ ಇದೆ. ಎರಡರ ಹೆಸರೂ ಬೇರೆ, ಕಂಪನಿಯೂ ಬೇರೆ. ಒಟ್ಟಿಗೆ ತಗೊಳ್ಳಬಹುದಾ? ಸ್ಟ್ರಿಪ್ ಮೇಲೆ ಅಷ್ಟೊಂದು ಬರೆದಿರುತ್ತಲ್ಲ, ಅದರಲ್ಲಿ ನಿಜವಾದ ಔಷಧದ ಹೆಸರು ಯಾವುದು?

ಉತ್ತರ: ಎರಡೂ ಸ್ಟ್ರಿಪ್‌ಗಳ ಹಿಂಬದಿ ಓದುವವರೆಗೆ ಒಟ್ಟಿಗೆ ತಗೊಳ್ಳಬೇಡಿ. ಎರಡರಲ್ಲೂ ಪ್ಯಾರಸಿಟಮಾಲ್ ಇರುವ ಸಾಧ್ಯತೆ ಜಾಸ್ತಿ.

ಸ್ಟ್ರಿಪ್ ಮೇಲೆ ಎದ್ದು ಕಾಣುವ ಹೆಸರುಗಳಲ್ಲಿ ಒಂದು ಬ್ರ್ಯಾಂಡ್ ಹೆಸರು. ಅದು ಕಂಪನಿ ತನ್ನ ಸರಕಿಗೆ ಇಟ್ಟುಕೊಂಡ ಹೆಸರು. ಅದರ ಪಕ್ಕದಲ್ಲಿ ಚಿಕ್ಕ ವೃತ್ತದೊಳಗೆ 'ಆರ್' ಅಕ್ಷರ ಅಥವಾ 'ಟಿಎಂ' ಇದ್ದರೆ ಅನುಮಾನವೇ ಬೇಡ. ನಿಮಗೆ ಬೇಕಾದದ್ದು ಔಷಧದ ಹೆಸರು, ಅಕ್ಷರದ ಗಾತ್ರ ನೋಡಿ ಅದನ್ನು ಗುರುತಿಸಲು ಹೋಗಬೇಡಿ. 'ಈಚ್ ಟ್ಯಾಬ್ಲೆಟ್ ಕಂಟೇನ್ಸ್' ಅಥವಾ 'ಕಾಂಪೊಸಿಷನ್' ಎಂದು ಶುರುವಾಗುವ ಸಾಲು ಹುಡುಕಿ. ಅದರ ಕೆಳಗೆ, ಮಿಲಿಗ್ರಾಂ ಲೆಕ್ಕದ ಜೊತೆ ಇರುವುದೇ ಕೆಲಸ ಮಾಡುವ ಔಷಧ. ಹೆಸರಿನ ಕೊನೆಗೆ 'ಐಪಿ', 'ಬಿಪಿ' ಅಥವಾ 'ಯುಎಸ್‌ಪಿ' ಎಂದಿದ್ದರೆ ಗುರುತು ಇನ್ನೂ ಸುಲಭ. ಔಷಧಗಳ ಗುಣಮಟ್ಟ ಹೇಗಿರಬೇಕು ಎಂದು ಹೇಳುವ ಪುಸ್ತಕವೇ ಔಷಧಕೋಶ; ಆ ಔಷಧ ಯಾವ ದೇಶದ ಔಷಧಕೋಶದ ಗುಣಮಟ್ಟಕ್ಕೆ ತಕ್ಕಂತೆ ತಯಾರಾಗಿದೆ ಎಂದು ಆ ಅಕ್ಷರಗಳು ಹೇಳುತ್ತವೆ: ಐಪಿ ಭಾರತದ್ದು, ಬಿಪಿ ಬ್ರಿಟನ್ನಿನದು, ಯುಎಸ್‌ಪಿ ಅಮೆರಿಕದ್ದು. ಬ್ರ್ಯಾಂಡ್ ಹೆಸರಿನ ಕೊನೆಗೆ ಅವು ಬರುವುದಿಲ್ಲ. ಕೊನೆಯಲ್ಲಿ ಬರುವ 'ಎಕ್ಸಿಪಿಯೆಂಟ್ಸ್', 'ಕಲರ್' ಅನ್ನುವವು ಮಾತ್ರೆಗೆ ಆಕಾರ, ಬಣ್ಣ ಕೊಡುವ ಪದಾರ್ಥಗಳು.

ಈಗ ನಿಮ್ಮ ಎರಡು ಮಾತ್ರೆಗೆ ಬರೋಣ. ಜ್ವರದ ಮಾತ್ರೆಯಲ್ಲಿ 'ಪ್ಯಾರಸಿಟಮಾಲ್ 650 ಮಿ.ಗ್ರಾಂ' ಎಂದಿದೆ ಅಂದುಕೊಳ್ಳಿ. ನೆಗಡಿ ಮಾತ್ರೆಯಲ್ಲಿ ಮೂರು ಹೆಸರು ಕಾಣಬಹುದು. ಫಿನೈಲ್‌ಎಫ್ರಿನ್ ಕಟ್ಟಿದ ಮೂಗಿಗೆ, ಕ್ಲೋರ್‌ಫೆನಿರಮಿನ್ ಸೀನು ಮತ್ತು ಸೋರುವ ಮೂಗಿಗೆ. ಮೂರನೆಯದು ಪ್ಯಾರಸಿಟಮಾಲ್ 500 ಮಿ.ಗ್ರಾಂ. ಎರಡನ್ನೂ ದಿನಕ್ಕೆ ನಾಲ್ಕು ಸಲ ನುಂಗಿದರೆ ಒಂದರಿಂದ 2600, ಇನ್ನೊಂದರಿಂದ 2000, ಒಟ್ಟು 4600 ಮಿ.ಗ್ರಾಂ ಆಯಿತು. ಆರೋಗ್ಯವಂತ ದೊಡ್ಡವರಿಗೂ 24 ಗಂಟೆಯ ಗರಿಷ್ಠ ಮಿತಿ 4000. ತೂಕ ಕಡಿಮೆ ಇದ್ದವರಿಗೆ, ಲಿವರ್ ತೊಂದರೆ ಇದ್ದವರಿಗೆ, ಕುಡಿತದ ಅಭ್ಯಾಸ ಇದ್ದವರಿಗೆ ಮಿತಿ ಅದಕ್ಕಿಂತ ಕಡಿಮೆ. ಕೆಲವು ದೇಶಗಳ ಸ್ಟ್ರಿಪ್‌ನಲ್ಲಿ ಇದೇ ಔಷಧಕ್ಕೆ 'ಅಸಿಟಮಿನೋಫೆನ್' ಎಂದಿರುತ್ತದೆ. ಹೊರದೇಶದಿಂದ ತಂದ ಮಾತ್ರೆಯಾದರೆ ಇದನ್ನು ನೆನಪಿಡಿ.

ಮಿತಿ ಮೀರಿದ್ದು ಗೊತ್ತಾದರೆ 'ಏನೂ ಆಗ್ತಿಲ್ವಲ್ಲ' ಎಂದು ಸುಮ್ನೆ ಕೂರಬೇಡಿ. ಮೊದಲ ದಿನ ಬರೀ ವಾಕರಿಕೆ ಇರಬಹುದು, ಅದೂ ಇಲ್ಲದಿರಬಹುದು. ಲಿವರ್‌ಗೆ ಪೆಟ್ಟು ಬಿದ್ದದ್ದು ತಿಳಿಯುವುದು ಎರಡು ಮೂರು ದಿನದ ಮೇಲೆ. ಇದಕ್ಕೆ ಅಸಿಟೈಲ್‌ಸಿಸ್ಟೀನ್ ಎಂಬ ಪ್ರತ್ಯೌಷಧ ಇದೆ. ಒಮ್ಮೆಲೇ ಜಾಸ್ತಿ ನುಂಗಿದ್ದರೆ, ಎಂಟು ಗಂಟೆಯೊಳಗೆ ಅದನ್ನು ಕೊಟ್ಟಾಗ ತುಂಬಾ ಚೆನ್ನಾಗಿ ಕೆಲಸ ಮಾಡುತ್ತದೆ. ಹಾಗಾಗಿ ಎರಡೂ ಸ್ಟ್ರಿಪ್ ಹಿಡಿದುಕೊಂಡು ತಕ್ಷಣ ಆಸ್ಪತ್ರೆಗೆ ಹೋಗಿ.

ಕಾಂಪೊಸಿಷನ್ ಸಾಲು ಓದುವಾಗ ಜನ ಗೊಂದಲ ಮಾಡಿಕೊಳ್ಳುವ ಒಂದು ಜಾಗವಿದೆ. ರಕ್ತದೊತ್ತಡದ ಮಾತ್ರೆಯೊಂದರಲ್ಲಿ 'ಅಮ್ಲೊಡಿಪೈನ್ ಬೆಸಿಲೇಟ್, ಈಕ್ವಿವಲೆಂಟ್ ಟು ಅಮ್ಲೊಡಿಪೈನ್ 5 ಮಿ.ಗ್ರಾಂ' ಎಂದಿರುತ್ತದೆ. ಇದು ಎರಡು ಔಷಧ ಅಲ್ಲ. ಬೆಸಿಲೇಟ್ ಎನ್ನುವುದು ಅಮ್ಲೊಡಿಪೈನ್ ಜೊತೆ ಸೇರಿಸಿದ ಲವಣದ ಭಾಗ. ಡಾಕ್ಟರ್ 5 ಮಿ.ಗ್ರಾಂ ಎಂದು ಬರೆದಿದ್ದರೆ ನೀವು ನೋಡಬೇಕಾದದ್ದು 'ಈಕ್ವಿವಲೆಂಟ್ ಟು' ನಂತರದ ಅಂಕಿಯನ್ನು.

ಹೆಸರೂ ಮಿಲಿಗ್ರಾಂ ಕೂಡ ಒಂದೇ ಎಂದ ಮಾತ್ರಕ್ಕೆ ಒಂದರ ಬದಲು ಇನ್ನೊಂದು ನುಂಗಬಹುದು ಅಂತಲ್ಲ. ಹೆಸರಿನ ಹತ್ತಿರ 'ಎಸ್‌ಆರ್', 'ಇಆರ್' ಅಥವಾ 'ಎಕ್ಸ್ಆರ್' ಇದೆಯಾ ನೋಡಿ. ಅಂಥ ಮಾತ್ರೆ ಔಷಧವನ್ನು ಗಂಟೆಗಟ್ಟಲೆ ನಿಧಾನವಾಗಿ ಬಿಡುತ್ತದೆ. ಸಾಮಾನ್ಯವಾಗಿ ಅದನ್ನು ಜಗಿಯಬಾರದು, ಪುಡಿ ಮಾಡಬಾರದು. ಥೈರಾಯ್ಡ್‌ನ ಲೆವೊಥೈರಾಕ್ಸಿನ್, ಫಿಟ್ಸ್‌ಗೆ ಕೊಡುವ ಫೆನಿಟಾಯಿನ್ ವಿಷಯದಲ್ಲಂತೂ ಡೋಸ್ ಸ್ವಲ್ಪ ಏರುಪೇರಾದರೂ ಫಲ ಬದಲಾಗುತ್ತದೆ. ಇವುಗಳ ಬ್ರ್ಯಾಂಡ್ ಬದಲಿಸುವ ಮೊದಲು ಡಾಕ್ಟರ್‌ಗೆ ಹೇಳಲೇಬೇಕು. ಉಳಿದ ಹೆಚ್ಚಿನ ಔಷಧಗಳಲ್ಲಿ ಔಷಧದ ಹೆಸರು, ಮಿಲಿಗ್ರಾಂ, ಮಾತ್ರೆಯ ಬಗೆ ಮೂರೂ ಹೊಂದಿದರೆ, ಸರಿಯಾಗಿ ಅನುಮತಿ ಪಡೆದ ಜೆನೆರಿಕ್ ಮಾತ್ರೆ ಬ್ರ್ಯಾಂಡ್ ಮಾತ್ರೆಯಷ್ಟೇ ಕೆಲಸ ಮಾಡುತ್ತದೆ.

ಅಂಗಡಿಯಲ್ಲಿ ಸ್ಟ್ರಿಪ್ ಕತ್ತರಿಸಿ ಎರಡೋ ನಾಲ್ಕೋ ಮಾತ್ರೆ ಕೊಟ್ಟಾಗ ಕಾಂಪೊಸಿಷನ್ ಸಾಲು ಇನ್ನೊಂದು ತುಂಡಿನಲ್ಲೇ ಉಳಿದುಬಿಡುತ್ತದೆ. ಆಗ ಔಷಧದ ಹೆಸರು, ಮಿಲಿಗ್ರಾಂ, ಎಕ್ಸ್‌ಪೈರಿ ತಿಂಗಳು ಕೇಳಿ ಬರೆದುಕೊಳ್ಳಿ. ಇಲ್ಲವೇ ಕತ್ತರಿಸುವ ಮೊದಲೇ ಪೂರ್ತಿ ಸ್ಟ್ರಿಪ್‌ನ ಫೋಟೊ ತೆಗೆದುಕೊಳ್ಳಿ. ಮನೆಯಲ್ಲಿ ಈಗಾಗಲೇ ಹೆಸರಿಲ್ಲದ ತುಂಡು ಇದ್ದರೆ ಬಣ್ಣ ನೋಡಿ ಊಹೆ ಮಾಡಬೇಡಿ, ಅದನ್ನು ನುಂಗಲೂ ಬೇಡಿ.